ಸಹಿಗೆ ಮುಂಚಿನ ಹದಿನೈದು ನಿಮಿಷ

(ಶಾಂತಿಗ್ರಾಮದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸ ಎಂದ ಮೇಲೆ ಒಂದು ಗಂಟೆ ಅಲುಗಾಡದೆ ಕೂರಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದೀರಿ. ಅಷ್ಟೊಂದು ಕಷ್ಟ ಕೊಡುವುದಿಲ್ಲ. ಇವತ್ತು ಒಂದು ಸಣ್ಣ ಕತೆ ಹೇಳುತ್ತೇನೆ. ಕತೆ ನನ್ನದು. ಅದರಲ್ಲಿ ಬರುವ ಜನ ಕಲ್ಪನೆಯವರು, ಆಸ್ಪತ್ರೆಯೂ ಕಲ್ಪನೆಯದು. ಆದರೆ ಅದರೊಳಗಿನ ಗಾಯ, ಕಾನೂನು, ಇಂಜೆಕ್ಷನ್, ಕಾಗದ ಇವು ಯಾವುವೂ ಕಲ್ಪನೆಯಲ್ಲ. ಹಾಗಾಗಿ ಕತೆಯನ್ನು ಅಲ್ಲಲ್ಲಿ ನಿಲ್ಲಿಸಿ ಮಾತಾಡುತ್ತೇನೆ. ಓಟ ಕೆಡುತ್ತದೆ, ಸಹಿಸಿಕೊಳ್ಳಬೇಕು.

ಸಣ್ಣ ಕತೆ ಎಂದರೆ ಕಾದಂಬರಿ ಬರೆಯಲಾಗದವರ ಕಸುಬು ಎನ್ನುವವರು ಮೊದಲು ಬೇಕಾದಷ್ಟು ಇದ್ದರು. 2025ರಲ್ಲಿ ನಮ್ಮ ಹಾಸನದ ವಕೀಲೆ ಬಾನು ಮುಷ್ತಾಕ್ ಅವರು ಕತೆಗಳ ಸಂಕಲನಕ್ಕೇ ಅಂತಾರಾಷ್ಟ್ರೀಯ ಬೂಕರ್ ತಂದ ಮೇಲೆ ಆ ಮಾತು ಕಡಿಮೆಯಾಗಿದೆ. ಅವರು ವಕೀಲರು ಎಂಬುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ಯಾರು, ಎಷ್ಟು ಹೊತ್ತಿಗೆ, ಯಾರ ಎದುರಿಗೆ, ಏನು ಹೇಳಿದರು ಎಂದು ಬಿಡದೆ ಕೇಳುವ ಚಾಳಿ ವಕೀಲರಿಗೂ ಇರಬೇಕು, ಕತೆಗಾರರಿಗೂ ಇರಬೇಕು. ನನ್ನ ಕತೆ ನಿಂತಿರುವುದೂ ಆ ಪ್ರಶ್ನೆಗಳ ಮೇಲೆಯೇ.

ಕತೆ ಶುರು ಮಾಡುತ್ತೇನೆ.

ಶಾಂತಿಗ್ರಾಮದ ಟೋಲ್ ದಾಟಿ ಚನ್ನರಾಯಪಟ್ಟಣದ ಕಡೆಗೆ ಹೋಗುವಾಗ ಹೆದ್ದಾರಿಯ ಪಕ್ಕಕ್ಕೆ ಒಂದು ಸಿಮೆಂಟ್ ಬ್ಲಾಕ್ ಮಾಡುವ ಶೆಡ್ಡು. ಅಲ್ಲಿ ಕೆಲಸ ಮಾಡುವ ಹುಡುಗರು ಒಡಿಶಾದ ಬಲಾಂಗೀರ್ ಕಡೆಯವರು. ಆ ಜಿಲ್ಲೆಯಿಂದ ಸುಗ್ಗಿ ಮುಗಿದ ಮೇಲೆ ಸಂಸಾರ ಸಮೇತ ದಕ್ಷಿಣಕ್ಕೆ ಇಟ್ಟಿಗೆ ಗೂಡುಗಳಿಗೆ ಹೊರಡುವುದು ಎಷ್ಟೋ ವರ್ಷಗಳಿಂದ ನಡೆದಿದೆ. ನಮ್ಮ ಊರವರಿಗೆ ಮಾತ್ರ ಒಡಿಶಾ, ಬಿಹಾರ, ಅಸ್ಸಾಂ ಎಂಬ ಭೇದವಿಲ್ಲ. ಎಲ್ಲರೂ ‘ಹಿಂದಿಯವರು’. ಅವರಲ್ಲಿ ಒಬ್ಬ ಸುದಾಮ. ವಯಸ್ಸು ಇಪ್ಪತ್ತೈದು, ಒಡಿಯಾದಲ್ಲಿ ಐದನೇ ಕ್ಲಾಸು. ಒಂದು ಸಂಜೆ ಅಚ್ಚಿನ ಅಂಚಿಗೆ ಮೆತ್ತಿದ್ದ ಕಾಂಕ್ರೀಟ್ ಕೆರೆಯಲು ಕೈ ಹಾಕಿದ. ಮೇಲಿನಿಂದ ಪ್ರೆಸ್ಸು ಇಳಿಯಿತು. ಬಲಗೈಯ ಉಂಗುರದ ಬೆರಳು ಜಜ್ಜಿಹೋಯಿತು, ತುಂಡಾಗಲಿಲ್ಲ. ಮೇಸ್ತ್ರಿ ಟವಲ್ ಸುತ್ತಿ ಬೈಕಿನಲ್ಲಿ ಕೂರಿಸಿಕೊಂಡು ಹಾಸನಕ್ಕೆ ಕರೆತಂದ. ಹಿಂದಿನಿಂದ ಬಿದ್ದುಹೋಗದಂತೆ ಹಿಡಿದುಕೊಂಡು ಕೂತವನು ಸುದಾಮನ ಜೊತೆಗಾರ ದಿಬ್ಯ.

ಕ್ಯಾಶುವಾಲ್ಟಿಯಲ್ಲಿ ಗಾಯಕ್ಕೆ ಸಲೈನ್ ಸುರಿದರು, ಒತ್ತಿ ಬ್ಯಾಂಡೇಜು ಕಟ್ಟಿದರು, ಟಿ.ಟಿ. ಕೊಟ್ಟರು, ಆಂಟಿಬಯೋಟಿಕ್ ಹಚ್ಚಿದರು, ಎಕ್ಸ್‌ರೇ ತೆಗೆದರು. ಕೆಲಸದ ಜಾಗದಲ್ಲಿ ಆದ ಗಾಯವಾದ್ದರಿಂದ ಎಂ.ಎಲ್.ಸಿ. ಪುಸ್ತಕದಲ್ಲೂ ಬರೆದುಕೊಂಡರು. ಸರ್ಜನ್ ಬಂದು ನೋಡಿ, ‘ತೊಳೆದು ನೋಡ್ಬೇಕು’ ಎಂದು ಕೇಸ್‌ಶೀಟಿನಲ್ಲಿ ಗೀಚಿ, ಇನ್ನೊಂದು ಎಮರ್ಜೆನ್ಸಿಗೆ ಓಡಿದರು. ಏಳು ಗಂಟೆಗೆ ಸಿಸ್ಟರ್ ಬಂದರು. ಒಂದು ಕೈಯಲ್ಲಿ ಕಿಡ್ನಿ ಟ್ರೇ, ಅದರಲ್ಲಿ ತುಂಬಿಟ್ಟ ಸಿರಿಂಜು. ಇನ್ನೊಂದು ಕೈಯಲ್ಲಿ ಕನ್ಸೆಂಟ್ ಫಾರಂ. ಸುದಾಮನನ್ನು ನೋಡಿದರು, ಮೇಸ್ತ್ರಿಯನ್ನು ನೋಡಿದರು, ಪೆನ್ನನ್ನು ಮೇಸ್ತ್ರಿಗೆ ಕೊಟ್ಟರು.

‘ನೀವು ಇವ್ರ ಕಡೆಯವ್ರಾ? ಇಲ್ಲಿ ಸೈನ್ ಹಾಕಿ.’

ಇಲ್ಲಿ ಕತೆಯನ್ನು ನಿಲ್ಲಿಸುತ್ತೇನೆ.

ಆ ಸಿಸ್ಟರ್ ಕೆಟ್ಟವರಲ್ಲ. ಅವರನ್ನು ಕೆಟ್ಟವರನ್ನಾಗಿ ಮಾಡಿದರೆ ಕತೆ ಬರೆಯುವುದು ಸಲೀಸು, ಓದುಗನಿಗೂ ಸಿಟ್ಟು ಮಾಡಿಕೊಳ್ಳಲು ಒಬ್ಬರು ಸಿಗುತ್ತಾರೆ, ಕತೆ ಮಾತ್ರ ಸುಳ್ಳಾಗುತ್ತದೆ. ಅವರು ಹೊಳೆನರಸೀಪುರದ ಹತ್ತಿರದ ಹಳ್ಳಿಯವರು ಎಂದಿಟ್ಟುಕೊಳ್ಳಿ. ವಾರ್ಡಿನಲ್ಲಿ ಅವರಿಗಾಗಿ ಇನ್ನೂ ಹಲವರು ಕಾಯುತ್ತಿದ್ದಾರೆ, ಓ.ಟಿ.ಯಿಂದ ‘ಕೇಸ್ ಕಳಿಸಿ’ ಎಂದು ಎರಡು ಸಲ ಫೋನು ಬಂದಿದೆ. ಪೆನ್ನು ಮೇಸ್ತ್ರಿಯ ಕೈಗೆ ಹೋದದ್ದಕ್ಕೆ ಕಾರಣ ತೀರಾ ಸಾಮಾನ್ಯ: ರೋಗಿ ಮಲಗಿದ್ದಾನೆ, ಅವನ ಬಲಗೈಗೆ ಬ್ಯಾಂಡೇಜಿದೆ, ಮೇಸ್ತ್ರಿ ನಿಂತಿದ್ದಾನೆ, ಕನ್ನಡ ಬಲ್ಲವನು ಅವನೇ. ನಮ್ಮ ಆಸ್ಪತ್ರೆಗಳಲ್ಲಿ ‘ಪೇಷಂಟ್ ಕಡೆಯವರು’ ಎಂಬ ಒಂದು ಹುದ್ದೆಯೇ ಇದೆ. ಔಷಧ ತರುವವರು ಅವರು, ರಕ್ತ ಹೊಂದಿಸುವವರು ಅವರು, ಬಿಲ್ಲು ಕಟ್ಟುವವರು ಅವರು. ಸಹಿಯೂ ಅದೇ ಪಟ್ಟಿಗೆ ಸೇರಿಕೊಂಡುಬಿಟ್ಟಿದೆ. ಅದು ಸೇರಬಾರದು.

ಏಕೆ ಸೇರಬಾರದು ಎಂಬುದಕ್ಕೆ ಸಮೀರಾ ಕೊಹ್ಲಿ ಪ್ರಕರಣ ನೋಡಬೇಕು. 1995ರ ಮೇ ತಿಂಗಳು, ದೆಹಲಿ. ನಲವತ್ನಾಲ್ಕು ವರ್ಷದ ಅವಿವಾಹಿತೆಯೊಬ್ಬರು ನಿಲ್ಲದ ಮುಟ್ಟಿನ ಸ್ರಾವಕ್ಕೆಂದು ವೈದ್ಯೆಯ ಬಳಿ ಹೋದರು. ಕಾರಣ ಪತ್ತೆಮಾಡಲು ಲ್ಯಾಪರೊಸ್ಕೋಪಿ ಮಾಡೋಣ ಎಂದಾಯಿತು. ಅದಕ್ಕೆ ಅವರೇ ಒಪ್ಪಿದರು, ಅವರೇ ಸಹಿ ಮಾಡಿದರು. ಅರಿವಳಿಕೆಯಲ್ಲಿ ಮಲಗಿದ್ದಾಗ, ಗರ್ಭಕೋಶ ತೆಗೆಯುವುದೇ ಸರಿ ಎಂದು ವೈದ್ಯೆಗೆ ತೋರಿತು. ಹೊರಗೆ ಕಾಯುತ್ತಿದ್ದ ತಾಯಿಯಿಂದ ಸಹಿ ಪಡೆದು ಗರ್ಭಕೋಶವನ್ನೂ ಎರಡೂ ಅಂಡಾಶಯಗಳನ್ನೂ ತೆಗೆದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದು 2008ರ ಜನವರಿ 16ರಂದು ಇತ್ಯರ್ಥವಾಯಿತು. ಮೂವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ತೀರ್ಪು ಬರೆದವರು ಆರ್.ವಿ. ರವೀಂದ್ರನ್, ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದವರು.

ಆ ವೈದ್ಯೆಗೆ ರೋಗಿಯ ಒಳ್ಳೆಯದೇ ಬೇಕಿತ್ತು ಎಂಬುದನ್ನು ಕೋರ್ಟು ಅಲ್ಲಗಳೆಯಲಿಲ್ಲ. ಆದರೂ ಅವರು ಮಾಡಿದ್ದು ತಪ್ಪು ಎಂದಿತು. ರೋಗಿ ವಯಸ್ಕಳು, ಬುದ್ಧಿ ಸ್ವಾಧೀನದಲ್ಲಿರುವವಳು, ಮತ್ತಿನಲ್ಲಿರುವುದು ತಾತ್ಕಾಲಿಕ. ಪ್ರಾಣಕ್ಕೆ ಕುತ್ತಿಲ್ಲದಿದ್ದರೆ ಅವಳಿಗೆ ಎಚ್ಚರವಾಗುವ ತನಕ ಕಾದು ಅವಳನ್ನೇ ಕೇಳಬೇಕು. ತಾಯಿಯ ಸಹಿ ಅವಳ ಸಹಿಯಾಗುವುದಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯೂ ಅಲ್ಲ. ವೈದ್ಯೆಗೆ ಆಪರೇಷನ್ನಿನ ಶುಲ್ಕ ಸಿಗಲಿಲ್ಲ, ಮೇಲೆ ಇಪ್ಪತ್ತೈದು ಸಾವಿರ ರೂಪಾಯಿ ಪರಿಹಾರ ಕೊಡಬೇಕಾಯಿತು. ಮೊತ್ತ ಸಣ್ಣದು, ನನ್ನ ಮಟ್ಟಿಗೆ ತೀರಾ ಸಣ್ಣದು. ತೀರ್ಪಿನ ಮಾತು ಮಾತ್ರ ಇವತ್ತಿಗೂ ದೇಶದ ಪ್ರತಿ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತಿದೆ.

ಹೆತ್ತ ತಾಯಿಯ ಸಹಿಯೇ ನಡೆಯದು ಎಂದ ಮೇಲೆ ಮೇಸ್ತ್ರಿಯ ಸಹಿ ನಡೆದೀತೆ? ಸುದಾಮನಿಗೆ ಈ ತೀರ್ಪು ಗೊತ್ತಿಲ್ಲ. ಮೇಸ್ತ್ರಿ ಪೆನ್ನಿನ ಕ್ಯಾಪು ತೆಗೆದದ್ದು ನೋಡಿ, ಶೆಡ್ಡಿನಲ್ಲಿ ಕಲಿತ ಕನ್ನಡದಲ್ಲಿ ಅವನು ಹೇಳಿದ್ದು ಎರಡೇ ಮಾತು.

‘ಮೇಡಂ, ನಂದು ಬೆರಳು.’

ಸಿಸ್ಟರ್ ಅವನ ಕಡೆ ತಿರುಗಿದರು. ‘ಓದಕ್ಕೆ ಬರುತ್ತಾ?’

ಬರುವುದಿಲ್ಲ ಎಂದು ತಲೆಯಾಡಿಸಿ, ‘ಒಂದು ಫೋಟೊ’ ಎಂದ.

ಅವರು ಗೋಡೆ ಗಡಿಯಾರ ನೋಡಿದರು. ಫಾರಂ ಕೇಸ್‌ಶೀಟಿಗೆ ಪಿನ್ನು ಹೊಡೆದದ್ದು, ಯಾರ ಕೈಗೂ ಕೊಟ್ಟು ಕಳಿಸುವ ಹಾಗಿಲ್ಲ. ಹಾಸಿಗೆಯ ಮೇಲೇ ಬಿಡಿಸಿ ಹಿಡಿದರು. ದಿಬ್ಯ ಫೋನು ಎತ್ತಿ ಫೋಟೊ ಹೊಡೆದ, ವಾಟ್ಸಾಪಿನಲ್ಲಿ ಬಲಾಂಗೀರಿಗೆ ಕಳಿಸಿದ. ಅಲ್ಲಿ ಸುದಾಮನ ತಂಗಿ ಮಿನತಿ ಇದ್ದಾಳೆ, ಬಿ.ಎ. ಓದುತ್ತಿರುವವಳು. ಆಮೇಲೆ ಸುದಾಮ ಫೋನನ್ನು ಎಡಗೈಗೆ ಇಸಿದುಕೊಂಡು ತಾನೇ ಓದಲು ನೋಡಿದ. ಹೆಬ್ಬೆರಳಿನಿಂದ ಪರದೆ ಹಿಗ್ಗಿಸಿದ. ಕನ್ನಡದ ಅಕ್ಷರಗಳೂ ಒಡಿಯಾದ ಹಾಗೆ ದುಂಡು ದುಂಡು. ಒಂದು ಗಳಿಗೆ ಗುರುತು ಸಿಕ್ಕಂತಾಗಿ ಮರುಗಳಿಗೆಗೆ ತಪ್ಪಿಹೋಗುತ್ತದೆ. ಕೆಳಗೆ ಇಂಗ್ಲಿಷು, ಆದರೆ ಸಿಮೆಂಟ್ ಚೀಲದ ಮೇಲಿರುವಂಥ ದೊಡ್ಡ ಅಕ್ಷರ ಎಲ್ಲೂ ಇಲ್ಲ. ಮಧ್ಯದಲ್ಲಿ ನೀಲಿ ಶಾಯಿಯಲ್ಲಿ ಕೈಬರಹದ ಒಂದು ಸಾಲು. ಅದರ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಅರ್ಧ ಬೆಳ್ಳಗಾಗಿದೆ.

ಮಿನತಿಯಿಂದ ಒಂದು ವಾಯ್ಸ್ ಮೆಸೇಜು ಬಂತು. ಅಚ್ಚಾದ ಇಂಗ್ಲಿಷನ್ನು ಒಡಿಯಾದಲ್ಲಿ ಒಂದೊಂದೇ ಸಾಲಾಗಿ ಹೇಳಿದ್ದಾಳೆ. ನನಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿದ್ದಾರೆ. ಕೇಳಬೇಕಾದ್ದನ್ನೆಲ್ಲ ಕೇಳಿದ್ದೇನೆ. ಸಮಾಧಾನಕರ ಉತ್ತರ ಸಿಕ್ಕಿದೆ. ಸ್ವಂತ ಇಚ್ಛೆಯಿಂದ ಒಪ್ಪುತ್ತಿದ್ದೇನೆ. ಕೊನೆಗೆ ಅವಳದೇ ಮಾತು: ‘ಅಣ್ಣ, ನಿಂಗೆ ಎಲ್ಲಾ ಹೇಳಿದಾರೆ ಅಂತ ಇದರಲ್ಲಿ ಬರೆದಿದೆ. ಹಾಗಾದ್ರೆ ನನ್ನ ಯಾಕೆ ಕೇಳ್ತಿದೀಯಾ?’

ಮತ್ತೆ ನಿಲ್ಲಿಸುತ್ತೇನೆ. ನನಗೆ ಈ ಕತೆ ಹುಟ್ಟಿದ್ದೇ ಆ ಪ್ರಶ್ನೆಯಿಂದ.

ಕನ್ಸೆಂಟ್ ಫಾರಮನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಬಗೆಯ ಬರಹ ಇರುತ್ತದೆ. ಒಂದು ಅಚ್ಚಾದದ್ದು. ಅದು ಹರ್ನಿಯಾದವರಿಗೂ ಅದೇ, ಹೆರಿಗೆಯವರಿಗೂ ಅದೇ. ಅದು ಹೇಳುವುದೆಲ್ಲ ಸಹಿಗೆ ಮೊದಲೇ ನಡೆದುಹೋಗಿರಬೇಕಾದ ಒಂದು ಮಾತುಕತೆಯ ಬಗ್ಗೆ. ಇನ್ನೊಂದು, ಖಾಲಿ ಜಾಗದಲ್ಲಿ ಡಾಕ್ಟರು ಕೈಯಲ್ಲಿ ತುಂಬುವ ಸಾಲು. ಯಾವ ಅಂಗ, ಯಾವ ಬದಿ, ಏನು ಮಾಡುತ್ತಾರೆ ಎಂಬುದು ಅಲ್ಲಿರುತ್ತದೆ. ಇಡೀ ಹಾಳೆಯಲ್ಲಿ ಸುದಾಮನಿಗೇ ಎಂದು ಬರೆದದ್ದು ಆ ಒಂದು ಸಾಲು. ಫೋಟೊದಲ್ಲಿ ಅಚ್ಚಿನದು ಚೊಕ್ಕಟವಾಗಿ ಬಂತು, ಆ ಸಾಲು ಬರಲಿಲ್ಲ. ಇದು ಕತೆಗಾರನ ಚಮತ್ಕಾರವಲ್ಲ. ತಲೆಯ ಮೇಲೆ ಟ್ಯೂಬ್‌ಲೈಟು ಇದ್ದು ಫೋನನ್ನು ನೇರ ಮೇಲಿನಿಂದ ಹಿಡಿದರೆ ಒಂದು ಕಡೆ ಹೊಳಪು, ಇನ್ನೊಂದು ಕಡೆ ಕೈಯ ನೆರಳು ಬೀಳುತ್ತದೆ. ಮೇಲೆ ವಾಟ್ಸಾಪು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಅಚ್ಚಿನ ಅಕ್ಷರ ಒಂದು ಹಾರಿದರೂ ಅಂದಾಜಿನಲ್ಲಿ ಓದಬಹುದು. ಡಾಕ್ಟರ ಕೈಬರಹದಲ್ಲಿ ಅಂದಾಜು ಮಾಡಲು ಏನೂ ಉಳಿಯುವುದಿಲ್ಲ. ಇಡೀ ಹಾಳೆಗೆ ಒಂದು ಫೋಟೊ ಹೊಡೆಯುವ ಬದಲು ಅರ್ಧರ್ಧ ಹೊಡೆದು, ಕೈಬರಹದ ಸಾಲನ್ನು ಬೇರೆಯಾಗಿ ಹತ್ತಿರದಿಂದ, ಫೋನನ್ನು ಸ್ವಲ್ಪ ಓರೆ ಮಾಡಿ ಹೊಡೆದರೆ ಬರುತ್ತದೆ.

ದಿಬ್ಯ ಹಾಗೆಯೇ ಮಾಡಿದ, ಯಾರೂ ಹೇಳಿಕೊಟ್ಟದ್ದಲ್ಲ. ಶೆಡ್ಡಿನ ಲೆಕ್ಕದ ಚೀಟಿಗಳನ್ನು ಊರಿಗೆ ಕಳಿಸಿ ಕಳಿಸಿ ಬಂದ ಅಭ್ಯಾಸ. ಎರಡನೇ ಸಲದ ಫೋಟೊದಲ್ಲಿ ಮಿನತಿಗೆ ಮೊದಲ ಪದ ಆಗಲೂ ತಿಳಿಯಲಿಲ್ಲ. ‘ರೈಟ್, ರಿಂಗ್ ಫಿಂಗರ್’ ತಿಳಿಯಿತು. ಆಮೇಲೆ ‘ಎಸ್‌ಓಎಸ್’ ಎಂಬ ಮೂರು ಅಕ್ಷರ. ಅದು ಅವಳಿಗೆ ಗೊತ್ತು, ಹಡಗು ಮುಳುಗುವಾಗ ಕಳಿಸುವ ಸಂದೇಶ. ಅದರ ಮುಂದಿನ ಪದವನ್ನು ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದಳು, ನಿಘಂಟು ನೋಡಿದಳು. ನೋಡಿ ವಾಯ್ಸ್ ಮೆಸೇಜು ಕಳಿಸಲಿಲ್ಲ, ಫೋನೇ ಮಾಡಿದಳು.

‘ಅಣ್ಣ, ಬೆರಳು ಕತ್ತರಿಸ್ತಾರಂತೆ.’

ಹಾಗೆಂದು ಬರೆದಿರಲಿಲ್ಲ. ‘ಡೀಬ್ರೈಡ್‌ಮೆಂಟ್, ಎಸ್‌ಓಎಸ್ ಆಂಪ್ಯುಟೇಷನ್’ ಎಂದಿತ್ತು. ಗಾಯವನ್ನು ತೊಳೆದು ಸತ್ತ ಮಾಂಸ ತೆಗೆಯುವುದು, ಅಗತ್ಯ ಬಿದ್ದರೆ ಬೆರಳು ತೆಗೆಯುವುದು ಎಂದರ್ಥ. ನೋವು ಬಂದರೆ ಮಾತ್ರ ನುಂಗಿ ಎಂದು ಮಾತ್ರೆಯ ಚೀಟಿಯಲ್ಲಿ ಬರೆಯುತ್ತಾರಲ್ಲ, ಅದೇ ಮೂರು ಅಕ್ಷರ. ಡಾಕ್ಟರಿಗೆ ಅದು ದಿನಕ್ಕೆ ಹತ್ತು ಸಲ ಬರೆಯುವ ಸಂಕ್ಷೇಪ. ‘ಅಗತ್ಯ ಬಿದ್ದರೆ’ ಎಂಬುದನ್ನು ಮಿನತಿ ಬಿಟ್ಟು ಓದಿದ್ದರಿಂದ ಸುದಾಮನ ಕಿವಿಗೆ ಬಿದ್ದದ್ದು ಒಂದು ತೀರ್ಮಾನ.

ಸಿಸ್ಟರ್ ಸಿರಿಂಜು ಹಿಡಿದು ಕಾಯುತ್ತಿದ್ದಾರೆ. ಅವರು ಕಾಯುವುದಕ್ಕೆ ಒಂದು ಗಟ್ಟಿ ಕಾರಣವಿದೆ. ಕತೆಯ ಒತ್ತಡವೆಲ್ಲ ಅದರಲ್ಲಿರುವುದರಿಂದ ಅದನ್ನು ಬಿಡಿಸಿ ಹೇಳಬೇಕು. ಆ ಸಿರಿಂಜಿನಲ್ಲಿರುವುದು ಮಿಡಜೋಲಮ್, ಜುಂ ಅನ್ನಿಸಿ ಭಯ ಇಳಿಸುವ ಔಷಧ. ಅದನ್ನು ಕೊಟ್ಟರೆ ನಿದ್ದೆಯಂಥ ಮಂಪರು ಬರುತ್ತದೆ, ಆ ಹೊತ್ತಿನಲ್ಲಿ ನಡೆದ ಮಾತು ಆಮೇಲೆ ನೆನಪಿನಲ್ಲಿ ಉಳಿಯದೆ ಹೋಗಬಹುದು. ಅಂಥ ಸ್ಥಿತಿಯಲ್ಲಿ ಹಾಕಿದ ಸಹಿಗೆ ಬೆಲೆಯಿಲ್ಲ. ಆದ್ದರಿಂದ ಸಹಿ ಮೊದಲು, ಇಂಜೆಕ್ಷನ್ ಆಮೇಲೆ. ಸಿಸ್ಟರ್ ಈ ಕ್ರಮ ತಪ್ಪಿಸುತ್ತಿಲ್ಲ. ‘ಇಂಜೆಕ್ಷನ್ ಕೊಟ್ಬಿಡಿ ಮೇಡಂ, ಆಮೇಲೆ ಹೆಬ್ಬೆಟ್ಟು ಒತ್ತಿಸ್ಕೊಳ್ಳೋಣ’ ಎಂದು ಮೇಸ್ತ್ರಿ ಹೇಳಿದಾಗ ‘ಹಂಗೆಲ್ಲಾ ಆಗಲ್ಲ ಕಣ್ರೀ’ ಎಂದರು. ಅವರ ಆ ಒಂದು ಮಾತಿಗಾಗಿ ನಾನು ಈ ಕತೆಯಲ್ಲಿ ಅವರ ಪಕ್ಷ.

ಆದರೆ ಒಂದು ಎಚ್ಚರ. ಮಂಪರಿನ ಔಷಧ ಬೇರೆ, ನೋವಿನ ಔಷಧ ಬೇರೆ. ಸಹಿ ಆಗಿಲ್ಲವೆಂದು ನೋವಿನ ಇಂಜೆಕ್ಷನ್ ತಡೆಹಿಡಿದರೆ ಸಹಿಗೂ ನೋವಿಗೂ ಚೌಕಾಸಿ ಹೂಡಿದಂತೆ. ನೋವು ತಾಳಲಾರದೆ ಹಾಕಿದ ಸಹಿ ಇಚ್ಛೆಯಿಂದ ಹಾಕಿದ್ದಲ್ಲ. ನನ್ನ ಮೊದಲ ಕರಡಿನಲ್ಲಿ ಸಿರಿಂಜಿನಲ್ಲಿ ಏನಿದೆ ಎಂದು ಹೇಳಿರಲೇ ಇಲ್ಲ. ಓದಿದ ವೈದ್ಯ ಮಿತ್ರರು ಮೊದಲು ಕೇಳಿದ್ದೇ ಅದನ್ನು. ಹಾಗಾಗಿ ಈಗಿನ ಕತೆಯಲ್ಲಿ ಸುದಾಮನಿಗೆ ನೋವಿನ ಇಂಜೆಕ್ಷನ್ನು ಕ್ಯಾಶುವಾಲ್ಟಿಯಲ್ಲೇ ಸಿಕ್ಕಿದೆ. ಬೆರಳು ಮಿಡಿಯುತ್ತಿದೆ, ತಲೆ ನೆಟ್ಟಗಿದೆ.

ಹೊತ್ತಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಜಜ್ಜಿದ ಬೆರಳಿಗೆ ಗಂಟೆಗಳು ಮುಖ್ಯ. ಸಿಮೆಂಟು, ಮಣ್ಣು ಸೇರಿದ ಗಾಯವನ್ನು ಬೇಗ ತೊಳೆದಷ್ಟೂ ಕೀವು ಕಟ್ಟುವ ಭಯ ಕಡಿಮೆ. ಹದಿನೈದು ನಿಮಿಷದಲ್ಲಿ ಬೆರಳಿನ ಹಣೆಬರಹ ಬದಲಾಗುವುದಿಲ್ಲ. ರಕ್ತ ಸುರಿದು ಪ್ರಾಣ ಹೋಗುವಂತಿದ್ದರೆ ಕತೆಯೇ ಬೇರೆ. ಆಗ ಒಪ್ಪಿಗೆಗೆ ಕಾಯದೆ ಸದುದ್ದೇಶದಿಂದ ಚಿಕಿತ್ಸೆ ಮಾಡಲು ಕಾನೂನು ವೈದ್ಯರಿಗೆ ರಕ್ಷಣೆ ಕೊಡುತ್ತದೆ. ಹಳೆಯ ದಂಡ ಸಂಹಿತೆಯ 92ನೇ ಕಲಂ ಅದು, ಈಗಿನ ನ್ಯಾಯ ಸಂಹಿತೆಯಲ್ಲಿ 30ನೆಯದು. ಉಂಗುರದ ಬೆರಳು ಆ ಕಲಮಿನಡಿ ಬರುವುದಿಲ್ಲ. ಅಂದರೆ ಸಿಸ್ಟರ್ ಕಾಯಬಹುದು. ಕಾಯಲೂಬೇಕು.

ಕತೆಗೆ ಮರಳೋಣ. ಸುದಾಮ ಫೋನು ಕೆಳಗಿಟ್ಟ. ‘ನಹಿ’ ಎಂದ.

‘ಯಾಕಪ್ಪಾ? ಬರೀ ಕ್ಲೀನ್ ಮಾಡ್ತಾರೆ.’

‘ಕಾಟೇಂಗೆ.’ ಎಡಗೈಯಿಂದ ಕತ್ತರಿಯ ಹಾಗೆ ಮಾಡಿ ತೋರಿಸಿದ.

ಸಿಸ್ಟರ್ ಆಗ ಫಾರಂ ಎತ್ತಿ ಕೈಬರಹದ ಸಾಲನ್ನು ತಾವೂ ಓದಿದರು. ದಿನಾ ಎಷ್ಟೋ ಫಾರಂ ಕೈ ದಾಟುವವರು ಖಾಲಿ ಜಾಗ ತುಂಬಿದೆಯೇ ಎಂದು ನೋಡುತ್ತಾರೆ, ಏನು ತುಂಬಿದೆ ಎಂದು ಓದುತ್ತಾ ಕೂರುವುದಿಲ್ಲ. ಓದಿದ ಮೇಲೆ ಅವರಿಗೆ ಎರಡು ದಾರಿಯಿತ್ತು. ‘ಹಂಗೇನಿಲ್ಲ, ಸುಮ್ನೆ ಬರೀತಾರೆ’ ಎಂದು ಸಮಾಧಾನ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಂದು. ನಮ್ಮಲ್ಲಿ ನಡೆಯುವುದು ಬಹಳ ಮಟ್ಟಿಗೆ ಅದೇ, ಕೆಟ್ಟ ಮನಸ್ಸಿನಿಂದಲ್ಲ, ಕರುಣೆಯಿಂದಲೇ. ಆದರೆ ವಸ್ತುಸ್ಥಿತಿಯನ್ನು ತಪ್ಪಾಗಿ ತಿಳಿದು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ನ್ಯಾಯ ಸಂಹಿತೆಯ 28ನೇ ಕಲಂ ಹೇಳುತ್ತದೆ. ಆ ಕರುಣೆ ಕೊನೆಗೆ ಡಾಕ್ಟರ ಕೊರಳಿಗೇ ಸುತ್ತಿಕೊಳ್ಳುತ್ತದೆ. ಸಿಸ್ಟರ್ ಇನ್ನೊಂದು ದಾರಿ ಹಿಡಿದರು. ಟ್ರೇ ಕೆಳಗಿಟ್ಟು ಓ.ಟಿ.ಗೆ ಫೋನು ಹಚ್ಚಿದರು. ‘ಸಾರ್, ಪೇಷಂಟು ಒಪ್ತಾ ಇಲ್ಲ, ನೀವೇ ಒಂದ್ ಸಲ ಮಾತಾಡ್ಬೇಕು.’

ಸರ್ಜನ್ ಬೈದುಕೊಂಡೇ ಬಂದರು. ವಿವರಿಸಬೇಕಾದವರು ಅವರೇ. ಸಹಿ ತರಲು ನರ್ಸನ್ನು ಕಳಿಸಬಹುದು, ವಿವರಣೆಯನ್ನು ಕಳಿಸಲು ಬರುವುದಿಲ್ಲ. ಬಂದವರು ಬ್ಯಾಂಡೇಜು ಸಡಿಲಿಸಿ, ಅಡ್ಡಾದಿಡ್ಡಿ ಹಿಂದಿಯಲ್ಲಿ, ಫೋನಿನ ಸ್ಪೀಕರಿನಲ್ಲಿದ್ದ ಮಿನತಿಯನ್ನೂ ಸೇರಿಸಿಕೊಂಡು ಮಾತಾಡಿದರು.

ತೀರ್ಪು ಬಯಸುವ ವಿವರಣೆ ಎಷ್ಟು ಎಂಬುದು ಇಲ್ಲಿ ಬರುತ್ತದೆ. ಅಮೆರಿಕದ ಕೋರ್ಟುಗಳು 1972ರ ಒಂದು ಪ್ರಸಿದ್ಧ ಪ್ರಕರಣದಿಂದಾಚೆಗೆ ಕೇಳುವಷ್ಟನ್ನು ನಮ್ಮ ಸುಪ್ರೀಂ ಕೋರ್ಟು ಕೇಳಲಿಲ್ಲ. ನಮ್ಮ ಆಸ್ಪತ್ರೆಗಳ ಜನಜಂಗುಳಿ, ಬಡತನ, ಓದುಬರಹ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು, ದೂರದ ಅಪರೂಪದ ಅಪಾಯಗಳನ್ನೆಲ್ಲ ಪಟ್ಟಿ ಮಾಡಿ ಹೇಳಬೇಕಿಲ್ಲ ಎಂದಿತು. ಏನು ಮಾಡುತ್ತೇವೆ, ಏತಕ್ಕೆ, ಬೇರೆ ದಾರಿ ಇದೆಯೇ, ಮುಖ್ಯವಾದ ಅಪಾಯವೇನು, ಮಾಡಿಸಿಕೊಳ್ಳದಿದ್ದರೆ ಏನಾದೀತು ಎಂಬಷ್ಟು ತಿಳಿದಿರಲಿ ಎಂದಿತು. ಈ ರಿಯಾಯಿತಿ ಬಡವರಿಗೆ ಕಡಿಮೆ ಹೇಳಿದರೂ ನಡೆಯುತ್ತದೆ ಎಂದಂತಲ್ಲವೇ ಎಂದು ಟೀಕಿಸುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ನಾನು ಮಾತ್ರ ಇನ್ನೊಂದು ಬಗೆಯಲ್ಲಿ ನೋಡುತ್ತೇನೆ. ಅಷ್ಟನ್ನು ಹೇಳಲು ಕಾಲು ಗಂಟೆ ಸಾಕು. ಸಮಯವಿಲ್ಲ ಎಂಬ ನೆಪಕ್ಕೆ ಕೋರ್ಟು ಜಾಗವನ್ನೇ ಉಳಿಸಲಿಲ್ಲ.

ಸರ್ಜನ್ ಹೇಳಿದ್ದು ಇಷ್ಟು. ‘ಈಗ ನೋಡಿದ್ರೆ ಬೆರಳಿನ ತುದಿ ಬೆಳ್ಳಗಿದೆ, ರಕ್ತ ಹೋಗ್ತಿದೆಯೋ ಇಲ್ವೋ ಹೇಳೋಕಾಗಲ್ಲ. ತೊಳೆದ ಮೇಲೆ ಗೊತ್ತಾಗುತ್ತೆ. ಕೆಂಪಗಾದ್ರೆ, ಸೂಜಿ ಚುಚ್ಚಿದಾಗ ಕೆಂಪು ರಕ್ತ ಬಂದ್ರೆ, ತಂತಿ ಹಾಕಿ ಮೂಳೆ ನಿಲ್ಲಿಸ್ತೀವಿ. ಬರದಿದ್ರೆ ಆ ಭಾಗ ಸತ್ತಿದೆ ಅಂತ. ಬಿಟ್ರೆ ಕಪ್ಪಾಗುತ್ತೆ, ಕೀವು ಮೇಲೆ ಏರುತ್ತೆ, ಆಮೇಲೆ ಇನ್ನೂ ಹೆಚ್ಚು ತೆಗೀಬೇಕಾಗುತ್ತೆ.’

ಮಿನತಿ ಕೇಳಿದಳು: ‘ತೆಗೆದರೆ ಎಲ್ಲಿಯವರೆಗೆ?’

ಇಡೀ ಕತೆಯಲ್ಲಿ ಅತಿ ಜಾಣ ಪ್ರಶ್ನೆ ಅದು ಎಂದು ಅವಳಿಗೂ ಗೊತ್ತಿರಲಿಲ್ಲ. ಕೆಲಸಗಾರರ ಪರಿಹಾರದ 1923ರ ಕಾಯ್ದೆ, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿರುವುದು, ಬೆರಳನ್ನು ಗಣ್ಣು ಗಣ್ಣಾಗಿ ಲೆಕ್ಕ ಹಾಕುತ್ತದೆ. ಉಂಗುರದ ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 7 ನಷ್ಟ, ಎರಡು ಗಣ್ಣಾದರೆ 6, ಒಂದಾದರೆ 5, ಮೂಳೆ ಉಳಿದು ಬರೀ ತುದಿ ಹೋದರೆ 2. ಮಾಲೀಕ ಕೊಡಬೇಕಾದ ಪರಿಹಾರ ಹೊರಡುವುದು ಈ ಅಂಕಿಗಳಿಂದ, ಅವು ಹೊರಡುವುದು ಆಪರೇಷನ್ನಿನ ಟಿಪ್ಪಣಿಯಲ್ಲಿ ಸರ್ಜನ್ ಬರೆಯುವ ಒಂದು ಸಾಲಿನಿಂದ. ಗಾರೆ ಕೆಲಸದವನಿಗೆ ಬಲಗೈ ಹಿಡಿತ ಎಷ್ಟು ಮುಖ್ಯ ಎಂಬುದನ್ನು ಆ ಕೋಷ್ಟಕ ಕೇಳುವುದಿಲ್ಲ. ಅದಿರಲಿ. ಮೇಸ್ತ್ರಿಯ ಕೈಗೆ ಪೆನ್ನು ಹೋದದ್ದು ಯಾಕೆ ಸರಿಯಲ್ಲ ಎಂಬುದಕ್ಕೆ ತೀರ್ಪಿನ ಆಚೆಗೂ ಒಂದು ಕಾರಣ ಇಲ್ಲಿದೆ. ಅವನು ಮಾಲೀಕನ ಕಡೆಯವನು. ಮನುಷ್ಯ ಒಳ್ಳೆಯವನೇ ಇರಬಹುದು, ಬೈಕಿನಲ್ಲಿ ಕರೆತಂದವನೂ ಅವನೇ. ಆದರೂ ಈ ಕಾಗದದಲ್ಲಿ ಏನಿರಬೇಕು, ಏನಿರಬಾರದು ಎಂಬುದರಲ್ಲಿ ಅವನ ಕಡೆಗೂ ಒಂದು ಲಾಭನಷ್ಟ ಇದೆ.

‘ತುದಿಯ ಗಣ್ಣು. ಅದಕ್ಕಿಂತ ಮೇಲೆ ಹೋಗಬೇಕಾದ್ರೆ ಅವನನ್ನ ಕೇಳ್ತೀನಿ’ ಎಂದರು ಸರ್ಜನ್.

‘ಹೇಗೆ ಕೇಳ್ತೀರಿ, ಅವನಿಗೆ ಮತ್ತು ಬಂದಿರುತ್ತಲ್ಲ?’

ಆ ವೇಳೆಗೆ ಸರ್ಜನ್ನಿಗೂ ಸಿಟ್ಟು ಇಳಿದಿತ್ತು. ಪೂರ್ತಿ ಮತ್ತು ಕೊಡುವುದಿಲ್ಲ, ಕಂಕುಳಲ್ಲಿ ಇಂಜೆಕ್ಷನ್ ಕೊಟ್ಟು ಕೈ ಮಾತ್ರ ಜೋಮು ಹಿಡಿಸುತ್ತೇವೆ, ಅವನು ಎಚ್ಚರವಾಗಿಯೇ ಇರುತ್ತಾನೆ ಎಂದರು. ಹೇಳಿದ ಮೇಲೆ ಟ್ರೇಯಲ್ಲಿದ್ದ ಸಿರಿಂಜಿನ ಕಡೆ ನೋಡಿ, ‘ಹಾಗಾದ್ರೆ ಅದು ಬೇಡ ಬಿಡಿ’ ಎಂದರು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ರೋಗಿಯನ್ನು ಕೇಳಲು ಎಚ್ಚರವಾಗುವ ತನಕ ಕಾಯಬೇಕಿತ್ತು. ಇಲ್ಲಿ ಅಷ್ಟು ಕಾಯಬೇಕಾದ್ದೇ ಇಲ್ಲ, ಒಂದು ಪರದೆಯ ಆಚೆಗೆ ತಲೆ ಬಾಗಿಸಿ ಕೇಳಿದರೆ ಸಾಕು. ಮಂಪರಿನ ಔಷಧವನ್ನೂ ಹಾಕಿದ್ದರೆ ಆ ಅನುಕೂಲ ಕೈತಪ್ಪುತ್ತಿತ್ತು. ಭಯ ತಡೆಯಲಾಗದ ರೋಗಿಗೆ ಅದು ಬೇಕಾಗಬಹುದು, ಹಾಗಿದ್ದಲ್ಲಿ ‘ಕೇಳ್ತೀನಿ’ ಎಂಬ ಮಾತು ಕೊಡಬಾರದು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಆಗುವುದಿಲ್ಲ.

ಸರ್ಜನ್ ಪೆನ್ನು ತೆಗೆದು, ಮೂರು ಅಕ್ಷರದ ಸಂಕ್ಷೇಪವನ್ನು ಹೊಡೆದುಹಾಕಿ, ಪಕ್ಕದಲ್ಲಿ ಬಿಡಿಸಿ ಬರೆದರು: ಅಗತ್ಯ ಬಿದ್ದರೆ ತುದಿಯ ಗಣ್ಣಿನಲ್ಲಿ ಮಾತ್ರ, ಅದಕ್ಕಿಂತ ಹೆಚ್ಚಿಗೆ ರೋಗಿಯನ್ನು ಕೇಳಿ. ತಿದ್ದಿದ ಕಡೆ ಚುಟುಕು ಸಹಿ ಹಾಕಿ ಗಂಟೆ ನಮೂದಿಸಿದರು. ಯಾವ ಭಾಷೆಯಲ್ಲಿ, ಯಾರ ಮೂಲಕ ವಿವರಿಸಲಾಯಿತು ಎಂಬುದನ್ನು ಸಿಸ್ಟರ್ ಕೇಸ್‌ಶೀಟಿನಲ್ಲಿ ಬರೆದುಕೊಂಡರು. ಮಿನತಿ ಹೇಳಿದ್ದನ್ನು ಸುದಾಮ ತನ್ನ ಮಾತಿನಲ್ಲಿ ದಿಬ್ಯನಿಗೆ ಒಮ್ಮೆ ಹೇಳಿದ. ಡಾಕ್ಟರೂ ಸಿಸ್ಟರೂ ಅದನ್ನು ಅರ್ಥವಾಗದಿದ್ದರೂ ನಿಂತು ಕೇಳಿಸಿಕೊಂಡರು. ಅವನು ಎಲ್ಲಿ ಬೆರಳು ಮಡಿಸಿ ತೋರಿಸುತ್ತಾನೆ ಎಂಬುದಷ್ಟೇ ಅವರಿಗೆ ಬೇಕಿತ್ತು. ತುದಿಯ ಗಣ್ಣನ್ನೇ ತೋರಿಸಿದ.

ಸಹಿ ಮಾಡುವ ಕೈಗೇ ಪೆಟ್ಟಾಗಿತ್ತು. ಸಿಸ್ಟರ್ ಇಂಕ್ ಪ್ಯಾಡು ತೆಗೆದು ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಸಾಕ್ಷಿಯ ಜಾಗದಲ್ಲಿ ಮೇಸ್ತ್ರಿ ಮತ್ತೆ ಕೈ ನೀಡಿದ. ‘ನೀವ್ ಬೇಡ’ ಎಂದು ದಿಬ್ಯನ ಕೈಗೆ ಪೆನ್ನು ಕೊಟ್ಟರು. ಅವನು ಒಡಿಯಾದಲ್ಲಿ ಹೆಸರು ಬರೆದ.

ಬೆರಳು ಉಳಿಯಿತೋ ಇಲ್ಲವೋ ಎಂದು ನೀವು ಕೇಳುತ್ತೀರಿ. ಕರಡು ಓದಿದವರೆಲ್ಲ ಕೇಳಿದ್ದಾರೆ. ಉಳಿಯಿತು ಎಂದು ಬರೆದರೆ ಸರಿಯಾಗಿ ಒಪ್ಪಿಗೆ ಪಡೆದದ್ದಕ್ಕೆ ಸಿಕ್ಕ ಬಹುಮಾನದಂತೆ ಕಾಣುತ್ತದೆ, ಹೋಯಿತು ಎಂದರೆ ಅಷ್ಟೆಲ್ಲ ಮಾತಾಡಿ ಏನಾಯಿತು ಎಂಬ ಮಾತು ಬರುತ್ತದೆ. ಬೆರಳಿನ ಗತಿಗೂ ಒಪ್ಪಿಗೆಯ ಸರಿತಪ್ಪಿಗೂ ಸಂಬಂಧವಿಲ್ಲ. ಆ ಕಾರಣಕ್ಕೆ ಕತೆಯನ್ನು ವಾರ್ಡಿನಲ್ಲೇ ಮುಗಿಸಿದ್ದೇನೆ, ಹೀಗೆ:

ಟ್ರಾಲಿ ಬಂತು. ಹೊರಡಬೇಕೆನ್ನುವಾಗ ಸಿಸ್ಟರ್ ಫಾರಮನ್ನು ಮಗುಚಿದರು. ಹಿಂಬದಿಯಲ್ಲಿ ಅರಿವಳಿಕೆಯ ಒಪ್ಪಿಗೆ, ಅದೂ ಬೇರೆಯೇ ಒಂದು, ಅದರ ಖಾಲಿ ಜಾಗ ಇನ್ನೂ ತುಂಬಿಲ್ಲ. ಓ.ಟಿ.ಯಿಂದ ಮೂರನೇ ಸಲ ಫೋನು ಬಡಿದುಕೊಳ್ಳುತ್ತಿತ್ತು. ಅವರು ಹಾಳೆಯನ್ನು ಟ್ಯೂಬ್‌ಲೈಟಿನ ಕೆಳಗಿನಿಂದ ಆಚೆ ಸರಿಸಿ, ಹಾಸಿಗೆಯ ಮೇಲೆ ಮಡಿಕೆಯಿಲ್ಲದಂತೆ ಹಾಸಿ, ದಿಬ್ಯನಿಗೆ ಹೇಳಿದರು.

‘ಅರಿವಳಿಕೆ ಡಾಕ್ಟರು ಬಂದು ತುಂಬಲಿ, ಆಮೇಲೆ ಹೊಡಿ. ಖಾಲಿ ಇದ್ದಾಗ ಹೊಡೆದು ಏನು ಪ್ರಯೋಜನ.’